ಐಕ್ಯೂ ಅಂಕ: ಮಗುವನ್ನು ಅಳೆದ ಕೋಲು ಯಾವ ಕಾಲದ್ದು?

ಓದಿನಲ್ಲಿ ಹಿಂದೆ ಬೀಳುತ್ತಿರುವ ಮಗಳನ್ನು ಕರೆದುಕೊಂಡು ನೀವು ಭಾತಂಬ್ರಾದಿಂದ ಬೀದರ್‌ಗೆ ಹೋಗಿದ್ದೀರಿ ಎಂದು ಇಟ್ಟುಕೊಳ್ಳಿ. ಮನಃಶಾಸ್ತ್ರಜ್ಞರು ಒಂದೂವರೆ ಗಂಟೆ ಅವಳೊಂದಿಗೆ ಕೂತು ಪ್ರಶ್ನೆ ಕೇಳಿ, ಚಿತ್ರ ತೋರಿಸಿ, ಕೊನೆಗೆ ಒಂದು ವರದಿ ಕೊಡುತ್ತಾರೆ. ಅದರಲ್ಲಿ 'ಐಕ್ಯೂ 76' ಎಂದಿದೆ. ಮನೆಗೆ ಬಂದ ಮೇಲೆ ದಾದಿ ಕೇಳುತ್ತಾರೆ: "ನೂರಕ್ಕೆ 76 ಬಂತಲ್ಲ, ಫಸ್ಟ್ ಕ್ಲಾಸೇ ಅಲ್ಲವೇ?" ಅಬ್ಬಾ ಮಾತ್ರ ಸುಮ್ಮನೆ ಕೂತಿದ್ದಾರೆ. ಆ ಅಂಕೆಯ ಅರ್ಥ ಇಬ್ಬರಿಗೂ ಯಾರೂ ಹೇಳಿಲ್ಲ.

ಮೊದಲು ದಾದಿಯ ಪ್ರಶ್ನೆಗೆ ಉತ್ತರ. ಐಕ್ಯೂ ಎಂಬುದು ನೂರಕ್ಕೆ ಇಷ್ಟು ಎಂದು ಕೊಡುವ ಪರೀಕ್ಷೆಯ ಅಂಕವಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್ ಇಷ್ಟು ಗ್ರಾಂ ಇದೆ ಎಂದು ಹೇಳುವಂಥ ಅಳತೆಯೂ ಅಲ್ಲ. ಅದೇ ವಯಸ್ಸಿನ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗು ಎಲ್ಲಿ ನಿಲ್ಲುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಸಾಲಿನ ನಡುವೆ ನಿಂತವರಿಗೆ 100 ಎಂದು ಹೆಸರು. ನೂರು ಮಕ್ಕಳಲ್ಲಿ ಸುಮಾರು 68 ಮಂದಿ 85ರಿಂದ 115ರ ಒಳಗೆ ಬರುತ್ತಾರೆ. 70ಕ್ಕಿಂತ ಕೆಳಗೆ ಬರುವವರು ಸುಮಾರು ಇಬ್ಬರು.

ಈ ಸಾಲು ಎಲ್ಲಿಂದ ಬರುತ್ತದೆ? ಪರೀಕ್ಷೆ ತಯಾರಿಸುವವರು ಅದನ್ನು ಮಾರುವ ಮೊದಲು ಪ್ರತಿ ವಯಸ್ಸಿನ ನೂರಾರು ಮಕ್ಕಳಿಗೆ ಕೊಟ್ಟು ನೋಡುತ್ತಾರೆ. ಗಂಡು, ಹೆಣ್ಣು, ಹಳ್ಳಿ, ಪಟ್ಟಣ, ಓದಿದ ಮನೆ, ಓದದ ಮನೆ ಎಲ್ಲವೂ ಅದರಲ್ಲಿ ಸರಿಯಾದ ಪ್ರಮಾಣದಲ್ಲಿ ಇರಬೇಕು. ಆ ಮಕ್ಕಳ ಸರಾಸರಿಯನ್ನು 100 ಎಂದು ಗೊತ್ತು ಮಾಡುತ್ತಾರೆ. ಇದಕ್ಕೆ ಪ್ರಮಾಣೀಕರಣ ಎನ್ನುತ್ತಾರೆ. ಅಂದರೆ ನಿಮ್ಮ ಮಗಳು ನಿಂತ ಸಾಲು ಅವಳ ಶಾಲೆಯದ್ದಲ್ಲ. ಯಾವುದೋ ವರ್ಷ, ಯಾವುದೋ ಊರುಗಳಲ್ಲಿ ಪರೀಕ್ಷೆ ಬರೆದ ಮಕ್ಕಳ ಸಾಲು ಅದು.

ಈ ಕೆಲಸ ನಮ್ಮ ನಾಡಿನಲ್ಲೇ ಬಹಳ ಹಿಂದೆ ನಡೆದಿದೆ. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಪರೀಕ್ಷೆ ಅಮೆರಿಕದಲ್ಲಿ ಬೆಳೆದು ಭಾರತಕ್ಕೂ ಬಂತು. ಧಾರವಾಡದ ವಿ.ವಿ. ಕಾಮತ್ ಅದನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಅವರ ಪುಸ್ತಕ 1940ರಲ್ಲಿ ಪ್ರಕಟವಾಯಿತು. ಇದೇ ಬಿನೆ-ಕಾಮತ್ ಪರೀಕ್ಷೆ. ಇದರಲ್ಲಿ ಮಗುವಿನ 'ಮಾನಸಿಕ ವಯಸ್ಸು' ಕಂಡುಹಿಡಿದು, ಅದನ್ನು ನಿಜವಾದ ವಯಸ್ಸಿನಿಂದ ಭಾಗಿಸಿ, ನೂರರಿಂದ ಗುಣಿಸುತ್ತಾರೆ. ಹತ್ತು ವರ್ಷದ ಮಗು ಎಂಟು ವರ್ಷದವರ ಮಟ್ಟದಲ್ಲಿ ಉತ್ತರಿಸಿದರೆ 80. ನಾಗಪುರದಲ್ಲಿ ಮಾಲಿನ್ ಎಂಬವರು 1969ರಲ್ಲಿ ಇನ್ನೊಂದು ಪರೀಕ್ಷೆಯನ್ನು ಭಾರತದ ಮಕ್ಕಳಿಗಾಗಿ ಸಿದ್ಧಪಡಿಸಿದರು. ಈ ಎರಡೂ ಇಂದಿಗೂ ನಮ್ಮ ದೇಶದಲ್ಲಿ ಬಳಕೆಯಲ್ಲಿವೆ.

ಹಳೆಯ ಕೋಲಿನಿಂದ ಅಳೆದರೆ ಏನಾಗುತ್ತದೆ? ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ ಇದನ್ನು 1984ರಲ್ಲಿ ತೋರಿಸಿಕೊಟ್ಟರು. ಒಂದೇ ಗುಂಪಿನವರಿಗೆ ಹಳೆಯ ಪರೀಕ್ಷೆಯನ್ನೂ ಹೊಸ ಪರೀಕ್ಷೆಯನ್ನೂ ಕೊಟ್ಟ ಅಧ್ಯಯನಗಳನ್ನು ಅವರು ಒಟ್ಟುಗೂಡಿಸಿದರು. ಹಳೆಯದರಲ್ಲಿ ಎಲ್ಲರಿಗೂ ಹೆಚ್ಚು ಅಂಕ ಬಂದಿತ್ತು. ಅಮೆರಿಕದಲ್ಲಿ 1932ರಿಂದ 1978ರ ನಡುವೆ ಜನರ ಸರಾಸರಿ ಸುಮಾರು 14 ಅಂಕ ಏರಿತ್ತು, ಅಂದರೆ ಹತ್ತು ವರ್ಷಕ್ಕೆ ಸುಮಾರು 3. ಸರಾಸರಿಯನ್ನು ಪ್ರತಿ ಸಲ ಮತ್ತೆ 100 ಎಂದೇ ಬರೆಯುವುದರಿಂದ ಈ ಏರಿಕೆ ಹೆಚ್ಚಿನವರ ಕಣ್ಣಿಗೆ ಬಿದ್ದಿರಲಿಲ್ಲ.

ಈಗ ನಿಮ್ಮ ಮಗಳ ವರದಿಗೆ ಬರೋಣ. ಲೆಕ್ಕ ತಿಳಿಯಲೆಂದು ಸುಲಭದ ಅಂಕೆಗಳನ್ನು ತೆಗೆದುಕೊಂಡಿದ್ದೇನೆ. ಅವಳು 25 ಪ್ರಶ್ನೆಗಳಿಗೆ ಸರಿ ಉತ್ತರ ಕೊಟ್ಟಳು. ಮೂವತ್ತು ವರ್ಷ ಹಿಂದಿನ ಮಕ್ಕಳ ಸರಾಸರಿ 41 ಇತ್ತು. ಸರಾಸರಿಗಿಂತ ಹತ್ತು ಉತ್ತರ ಕಡಿಮೆಯಾದರೆ ಐಕ್ಯೂನಲ್ಲಿ 15 ಅಂಕ ಕಡಿಮೆ ಎಂದಿಟ್ಟುಕೊಳ್ಳಿ. ಅವಳಿಗೆ 16 ಕಡಿಮೆ, ಆದ್ದರಿಂದ 24 ಅಂಕ ಕಳೆದು 76. ಆದರೆ ಇಂದಿನ ಮಕ್ಕಳ ಸರಾಸರಿ 47ಕ್ಕೆ ಏರಿದ್ದರೆ ಅವಳಿಗೆ 22 ಕಡಿಮೆ. 33 ಅಂಕ ಕಳೆದು 67.

ಮಗು ಅದೇ, ಉತ್ತರಗಳೂ ಅವೇ. ಒಂದು ವರದಿ ಅವಳನ್ನು 70ರ ಗೆರೆಯ ಮೇಲೆ ಇಡುತ್ತದೆ, ಇನ್ನೊಂದು ಕೆಳಗೆ. ಆ ಗೆರೆಯ ಕೆಳಗಿದ್ದು, ದಿನದ ಬದುಕಿನ ಕೆಲಸಗಳಲ್ಲೂ ಹಿಂದಿರುವ ಮಕ್ಕಳನ್ನು ಬೌದ್ಧಿಕ ಅಂಗವೈಕಲ್ಯ ಉಳ್ಳವರೆಂದು ಗುರುತಿಸುತ್ತಾರೆ. ಅದರ ಮೇಲೆ ಅವರಿಗೆ ಶಾಲೆಯಲ್ಲಿ ವಿಶೇಷ ನೆರವೂ ಸರ್ಕಾರದ ಸೌಲಭ್ಯವೂ ಸಿಗುತ್ತವೆ. ಹಳೆಯ ಕೋಲು ಹೆಚ್ಚು ಅಂಕ ಕೊಟ್ಟು ಮನೆಯವರನ್ನು ಸಮಾಧಾನಪಡಿಸಬಹುದು, ಆದರೆ ಸಿಗಬೇಕಾದ ನೆರವು ಮಗುವಿನ ಕೈ ತಪ್ಪಬಹುದು.

ಹಾಗಾದರೆ ನಮ್ಮ ದಾದಾ-ದಾದಿಯರು ದಡ್ಡರಾಗಿದ್ದರೇ? ಅಲ್ಲ. ಫ್ಲಿನ್ ಒಂದು ಪ್ರಶ್ನೆಯನ್ನು ಉದಾಹರಣೆಯಾಗಿ ಕೊಡುತ್ತಿದ್ದರು: ನಾಯಿಗೂ ಮೊಲಕ್ಕೂ ಏನು ಹೋಲಿಕೆ? ಇಂದಿನ ಮಗು "ಎರಡೂ ಸಸ್ತನಿಗಳು" ಎನ್ನುತ್ತದೆ, ಪೂರ್ತಿ ಅಂಕ ಪಡೆಯುತ್ತದೆ. ನೂರು ವರ್ಷ ಹಿಂದಿನವರು "ನಾಯಿಯಿಂದ ಮೊಲದ ಬೇಟೆಯಾಡುತ್ತಾರೆ" ಎನ್ನುತ್ತಿದ್ದರು. ಈ ಮಾತು ತಪ್ಪಲ್ಲ, ಆದರೆ ಅದಕ್ಕೆ ಅಂಕವಿಲ್ಲ. ವಸ್ತುಗಳನ್ನು ಬಳಕೆಯಿಂದ ನೋಡುವ ಬದಲು ಜಾತಿ-ವರ್ಗ ಮಾಡಿ ನೋಡುವುದನ್ನು ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ಹೆಚ್ಚು ವರ್ಷ ಓದಿದವರ ಐಕ್ಯೂ ಏರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ.

ಆರೋಗ್ಯದ ಪಾಲೂ ಇದೆ. ತಾಯಿಯ ಗರ್ಭದಲ್ಲಿರುವಾಗ ಅಯೋಡಿನ್ ಕಡಿಮೆಯಾದರೆ ಮಗುವಿನ ಮೆದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ಹರಳುಪ್ಪಿನ ಜಾಗಕ್ಕೆ ಅಯೋಡಿನ್ ಉಪ್ಪು ಬಂದದ್ದು, ಭಾರತದಲ್ಲಿ 2000ದಿಂದ ಸೀಸವಿಲ್ಲದ ಪೆಟ್ರೋಲ್ ಮಾತ್ರ ಮಾರಾಟವಾಗತೊಡಗಿದ್ದು, ಲಸಿಕೆಗಳು, ಚಿಕ್ಕ ಕುಟುಂಬದಲ್ಲಿ ಪ್ರತಿ ಮಗುವಿಗೂ ಸಿಗುವ ಊಟ ಮತ್ತು ಮಾತು ಇವೆಲ್ಲ ಮೆದುಳಿಗೆ ನೆರವಾಗುವಂಥವು. ಯಾವುದರ ಪಾಲು ಎಷ್ಟು ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಒಂದೆರಡು ತಲೆಮಾರಿನಲ್ಲಿ ವಂಶವಾಹಿಗಳು ಇಷ್ಟು ಬದಲಾಗುವುದಿಲ್ಲ ಎಂಬುದು ಮಾತ್ರ ಖಚಿತ. ನಾರ್ವೆಯಲ್ಲಿ 1970ರ ದಶಕದ ನಡುವಿನ ನಂತರ ಹುಟ್ಟಿದ ಯುವಕರಲ್ಲಿ ಸರಾಸರಿ ಇಳಿಯತೊಡಗಿತು, ಅದೂ ಒಂದೇ ಮನೆಯ ಅಣ್ಣ-ತಮ್ಮಂದಿರ ನಡುವೆ. ಸರಾಸರಿ ಏರುವುದಕ್ಕೂ ಇಳಿಯುವುದಕ್ಕೂ ಸುತ್ತಲಿನ ಬದುಕೇ ಕಾರಣ ಎಂಬುದು ಇದರಿಂದ ತಿಳಿಯುತ್ತದೆ.

ಆದ್ದರಿಂದ ವರದಿ ಕೈಗೆ ಬಂದಾಗ ಅಂಕೆ ನೋಡಿ ಎದ್ದು ಬರಬೇಡಿ. ಯಾವ ಪರೀಕ್ಷೆ, ಅದನ್ನು ಯಾವ ವರ್ಷ, ಯಾವ ಮಕ್ಕಳ ಮೇಲೆ ಪ್ರಮಾಣೀಕರಿಸಿದ್ದು ಎಂದು ಕೇಳಿ. ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಿದರು ಎಂಬುದೂ ಮುಖ್ಯ. ಮನೆಯಲ್ಲಿ ದಖನಿ ಮಾತಾಡುವ ಮಗು ಕನ್ನಡದ ಪದಗಳ ಅರ್ಥ ಹೇಳಲು ತಡವರಿಸಿದರೆ ಅದು ಭಾಷೆಯ ತೊಡಕು, ಬುದ್ಧಿಯದ್ದಲ್ಲ. ಅಂಥ ಮಗುವಿಗೆ ಮಾತಿನ ಅಗತ್ಯ ಕಡಿಮೆ ಇರುವ, ಚಿತ್ರ ಮತ್ತು ಆಕಾರಗಳ ಪರೀಕ್ಷೆಯನ್ನೂ ಮಾಡಿಸಬಹುದೇ ಎಂದು ವಿಚಾರಿಸಿ. ಕಿವಿ, ಕಣ್ಣು, ಥೈರಾಯ್ಡ್ ತಪಾಸಣೆ ಆಗಿದೆಯೇ ನೋಡಿಕೊಳ್ಳಿ. ಅದೇ ಮಗು ಬೇರೆ ದಿನ ಕೂತರೂ ಐದು ಅಂಕ ಅತ್ತಿತ್ತ ಆಗಬಹುದು.

ಅವಳು ತಾನಾಗಿ ಬಟ್ಟೆ ಹಾಕಿಕೊಳ್ಳುತ್ತಾಳೆಯೇ, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುತ್ತಾಳೆಯೇ, ಹೇಳಿದ ಎರಡು ಕೆಲಸ ನೆನಪಿಟ್ಟು ಮಾಡುತ್ತಾಳೆಯೇ ಎಂದು ವೈದ್ಯರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಾಚಿಕೆಯಿಂದ ಮುಚ್ಚಿಡಬೇಡಿ, ಸೌಲಭ್ಯದ ಆಸೆಯಿಂದ ಹೆಚ್ಚಿಸಿಯೂ ಹೇಳಬೇಡಿ. ಐಕ್ಯೂ ಅಂಕಿಗೆ ಸರಿಯಾದ ಅರ್ಥ ಬರುವುದು ಈ ಉತ್ತರಗಳ ಜೊತೆಗೆ ಇಟ್ಟು ನೋಡಿದಾಗಲೇ.