ಆಪ್ಷನ್ ಇಲ್ಲದ ಪ್ರಶ್ನೆಯ ಲೆಕ್ಕಾಚಾರ

ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಓದಿದ ಯಾರಿಗೂ ಈ ಲೆಕ್ಕ ಹೊಸದಲ್ಲ. ಮೊದಲ ದರ್ಜೆಯ ಒಂದು ರಾಸಾಯನಿಕ ಕ್ರಿಯೆಯ ಅರ್ಧಾಯು 40 ನಿಮಿಷ. ಹಾಗಾದರೆ ಆ ಕ್ರಿಯೆ ಶೇಕಡಾ 90ರಷ್ಟು ಮುಗಿಯಲು ಎಷ್ಟು ನಿಮಿಷ ಬೇಕು? ಕೆಳಗೆ ನಾಲ್ಕು ಆಪ್ಷನ್‌ಗಳಿವೆ ಎಂದುಕೊಳ್ಳಿ: 93, 113, 133, 173.

ಚುರುಕಾದ ವಿದ್ಯಾರ್ಥಿ ಇದಕ್ಕೆ ಸೂತ್ರವನ್ನೇ ಬರೆಯುವುದಿಲ್ಲ. ಒಂದು ಅರ್ಧಾಯು ಕಳೆದರೆ 50, ಎರಡಕ್ಕೆ 75, ಮೂರಕ್ಕೆ 87.5, ನಾಲ್ಕಕ್ಕೆ 93.75 ಶೇಕಡಾ. 90 ಎಂಬುದು ಮೂರು ಮತ್ತು ನಾಲ್ಕರ ನಡುವೆ ಬರುತ್ತದೆ, ಅಂದರೆ 120 ಮತ್ತು 160 ನಿಮಿಷಗಳ ನಡುವೆ. ಆಪ್ಷನ್‌ಗಳಲ್ಲಿ ಆ ನಡುವೆ ಇರುವುದು 133 ಒಂದೇ. ಅರ್ಧ ನಿಮಿಷದಲ್ಲಿ ಉತ್ತರ ಸಿಕ್ಕಿತು. ಇದನ್ನೇ ತರಬೇತಿ ತರಗತಿಗಳಲ್ಲಿ ಎಲಿಮಿನೇಷನ್ ಎನ್ನುತ್ತಾರೆ. ಇದು ಕಳ್ಳದಾರಿಯೇನಲ್ಲ, ವಿಷಯ ಗೊತ್ತಿದ್ದವರಿಗೆ ಮಾತ್ರ ಒಲಿಯುವ ಜಾಣತನ.

ಈಗ ಆ ನಾಲ್ಕು ಆಪ್ಷನ್‌ಗಳನ್ನು ಅಳಿಸಿಬಿಡಿ. ಪರದೆಯ ಮೇಲೆ ಒಂದು ಖಾಲಿ ಚೌಕ, ಅದರ ಪಕ್ಕದಲ್ಲಿ ಮೌಸಿನಿಂದ ಒತ್ತಬೇಕಾದ ಅಂಕಿಗಳ ಕೀಪ್ಯಾಡ್, ಜೊತೆಗೆ 'ಸಮೀಪದ ಪೂರ್ಣಾಂಕಕ್ಕೆ ಉತ್ತರಿಸಿ' ಎಂಬ ಸೂಚನೆ. ಅದೇ ಜಾಣತನ ಈಗ ಹೇಳುವುದಿಷ್ಟೇ: ಉತ್ತರ 121ರಿಂದ 159ರೊಳಗಿನ ಯಾವುದೋ ಒಂದು ಸಂಖ್ಯೆ. ಅಂಥವು 39 ಇವೆ.

ಜೆಇಇ ಮೇನ್ ಪರೀಕ್ಷೆಗೆ ಇಂಥ ಸಂಖ್ಯಾತ್ಮಕ ಪ್ರಶ್ನೆಗಳು ಬಂದದ್ದು 2020ರಲ್ಲಿ. ಆಗ ಅವುಗಳಿಗೆ ನೆಗೆಟಿವ್ ಅಂಕ ಇರಲಿಲ್ಲ. ಉತ್ತರ ತಪ್ಪಾದರೂ ಕಳೆದುಕೊಳ್ಳುವುದೇನೂ ಇರಲಿಲ್ಲ. ಕೋವಿಡ್ ಬಳಿಕ, 2021ರಿಂದ, ಪ್ರತಿ ವಿಷಯದಲ್ಲೂ ಹತ್ತು ಪ್ರಶ್ನೆ ಕೊಟ್ಟು ಯಾವುದಾದರೂ ಐದಕ್ಕೆ ಉತ್ತರಿಸಿ ಎಂದರು. 2022ರಿಂದ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯತೊಡಗಿದರು. 2025ರಲ್ಲಿ ಆಯ್ದುಕೊಳ್ಳುವ ಅವಕಾಶವೂ ಹೋಯಿತು: ಪ್ರತಿ ವಿಷಯಕ್ಕೆ 20 ಬಹು ಆಯ್ಕೆಯ ಪ್ರಶ್ನೆ, 5 ಸಂಖ್ಯಾತ್ಮಕ ಪ್ರಶ್ನೆ. ಮೂರು ವಿಷಯ ಸೇರಿದರೆ ಒಟ್ಟು 300 ಅಂಕಗಳಲ್ಲಿ 60 ಈ ಖಾಲಿ ಚೌಕಗಳದ್ದು.

ನಮ್ಮ ಸಿಇಟಿಯಲ್ಲಿ ಇಂಥ ಪ್ರಶ್ನೆಯೂ ಇಲ್ಲ, ನೆಗೆಟಿವ್ ಅಂಕವೂ ಇಲ್ಲ. ಗೊತ್ತಿಲ್ಲದ್ದಕ್ಕೂ ಒಂದು ವೃತ್ತ ತುಂಬಿ ಬರುವುದೇ ಅಲ್ಲಿ ಲಾಭ. ಎರಡೂ ಪರೀಕ್ಷೆ ಬರೆಯುವ ಮಕ್ಕಳು ಆ ಅಭ್ಯಾಸವನ್ನು ಜೆಇಇಗೂ ಒಯ್ದರೆ ಏನಾಗುತ್ತದೆ, ಲೆಕ್ಕ ಹಾಕಿ ನೋಡಬಹುದು. ಸರಿಯಾದರೆ 4, ತಪ್ಪಾದರೆ ಮೈನಸ್ 1. ನಾಲ್ಕು ಆಪ್ಷನ್‌ಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಒತ್ತಿದರೂ ಸರಾಸರಿ ಕಾಲು ಅಂಕ ಲಾಭವಿದೆ. ಎರಡನ್ನು ತಳ್ಳಿಹಾಕಿ ಉಳಿದೆರಡರಲ್ಲಿ ಊಹಿಸಿದರೆ ಲಾಭ ಒಂದೂವರೆ ಅಂಕಕ್ಕೆ ಏರುತ್ತದೆ. 39 ಸಂಖ್ಯೆಗಳಲ್ಲಿ ಒಂದನ್ನು ಊಹಿಸಿದವರಿಗೆ ಮಾತ್ರ ಸರಾಸರಿ 0.87 ಅಂಕ ನಷ್ಟ. ಲೆಕ್ಕ ಪೂರ್ತಿಯಾಗದಿದ್ದರೆ ಚೌಕವನ್ನು ಖಾಲಿ ಬಿಡುವುದೇ ಒಳ್ಳೆಯದು.

ಊಹೆಯ ನಷ್ಟ ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಹೆಚ್ಚು ನೋವು ಕೊಡುವುದು ಇನ್ನೊಂದು ನಷ್ಟ: ಸೂತ್ರ ಸರಿ, ವಿಧಾನ ಸರಿ, ಉತ್ತರ ತಪ್ಪು. ಅದೇ ಲೆಕ್ಕವನ್ನು ಬಿಡಿಸೋಣ. ಮೊದಲು ವೇಗ ಸ್ಥಿರಾಂಕ k ಬೇಕು. 0.693 ಅನ್ನು 40ರಿಂದ ಭಾಗಿಸಿದರೆ 0.017325. ಶೇಕಡಾ 90ಕ್ಕೆ ಬೇಕಾದ ಸಮಯ ಎಂದರೆ 2.303 ಭಾಗಿಸು k. ಭಾಗಿಸಿದರೆ 132.93 ಬರುತ್ತದೆ, ಸಮೀಪದ ಪೂರ್ಣಾಂಕ 133. ಜೆಇಇಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. 0.017325ರಿಂದ ಕೈಯಲ್ಲಿ ಭಾಗಿಸುವುದು ಬೇಸರದ ಕೆಲಸವೆಂದು ವಿದ್ಯಾರ್ಥಿ ಅದನ್ನು 0.017 ಮಾಡಿಕೊಳ್ಳುತ್ತಾನೆ. ಉತ್ತರ 135.47ಕ್ಕೆ ಹೋಗುತ್ತದೆ, ಚೌಕದಲ್ಲಿ 135 ಬೀಳುತ್ತದೆ.

ಆಪ್ಷನ್‌ಗಳಿದ್ದರೆ ಇದೇ ಹುಡುಗ 135ಕ್ಕೆ ಹತ್ತಿರದ 133 ಅನ್ನು ಗುರುತಿಸಿ ನಾಲ್ಕು ಅಂಕ ಪಡೆಯುತ್ತಿದ್ದ. ತಾನು ನಡುವೆ ರೌಂಡ್ ಆಫ್ ಮಾಡಿದ್ದು ತಪ್ಪೆಂದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಆಪ್ಷನ್‌ಗಳು ಇಷ್ಟು ವರ್ಷ ಸದ್ದಿಲ್ಲದೆ ಮಾಡುತ್ತಿದ್ದ ದೊಡ್ಡ ಉಪಕಾರ ಇದೇ ಇರಬೇಕು.

ಇದಕ್ಕೆ ಪರಿಹಾರ ಹೆಚ್ಚು ಅಂಕಿಗಳನ್ನು ಹೊತ್ತು ಗುಣಿಸುತ್ತ ಕೂರುವುದಲ್ಲ. ಅಂಕಿಗಳನ್ನು ತುಂಬುವುದನ್ನೇ ಮುಂದೂಡಬೇಕು. k ಬೆಲೆ ಕಂಡುಹಿಡಿಯದೆ ಅಕ್ಷರಗಳಲ್ಲೇ ಮುಂದುವರಿದರೆ 2.303 ಮೇಲೆ ಕೆಳಗೆ ಹೊಡೆದುಹೋಗುತ್ತದೆ, ಏಕೆಂದರೆ 0.693 ಎಂದರೆ 2.303 ಗುಣಿಸು 0.301. ಕೊನೆಗೆ ಉಳಿಯುವುದು 40 ಭಾಗಿಸು 0.301. ಒಂದೇ ಭಾಗಾಕಾರ, ಬರುವುದು 132.89, ಮತ್ತೆ 133. ಅವಸರದಲ್ಲಿ 0.301 ಅನ್ನು 0.3 ಮಾಡಿಕೊಂಡರೂ ಈ ದಾರಿಯಲ್ಲಿ 133.33 ಬಂದು ಉತ್ತರ ಉಳಿಯುತ್ತದೆ.

ಕೊನೆಯ ಹೆಜ್ಜೆಯಲ್ಲೂ ಒಂದು ಎಡವಟ್ಟು ಆಗುವುದುಂಟು. 12.47 ಬಂದಿದೆ ಎನ್ನೋಣ. ಅದನ್ನು ಮೊದಲು 12.5 ಮಾಡಿ, ಆಮೇಲೆ 13 ಮಾಡುವವರಿದ್ದಾರೆ. ಸಮೀಪದ ಪೂರ್ಣಾಂಕ 12. ರೌಂಡ್ ಆಫ್ ಮಾಡುವುದು ಒಂದೇ ಸಲ, ಅದೂ ಮೂಲ ಸಂಖ್ಯೆಯಿಂದ. ಹಾಗೆಯೇ ಪ್ರಶ್ನೆಯಲ್ಲಿ ಕೊಟ್ಟ ಸ್ಥಿರಾಂಕವನ್ನೇ ಬಳಸಬೇಕು. ಮೇಲಿಂದ ಬಿಟ್ಟ ಕಲ್ಲು ಮೂರು ಸೆಕೆಂಡಿನಲ್ಲಿ ಬೀಳುವ ದೂರ, g ಬೆಲೆ 10 ಎಂದರೆ 45 ಮೀಟರ್, 9.8 ಎಂದರೆ 44.1 ಮೀಟರ್. ಚೌಕಕ್ಕೆ 45 ಮತ್ತು 44 ಬೇರೆ ಬೇರೆ ಉತ್ತರಗಳು.

ರೌಂಡ್ ಆಫ್ ಸೂಚನೆ ಪರೀಕ್ಷೆ ನಡೆಸುವವರನ್ನೂ ಇಕ್ಕಟ್ಟಿಗೆ ಸಿಲುಕಿಸಿದ್ದುಂಟು. 2018ರಲ್ಲಿ ಐಐಟಿ ಕಾನ್ಪುರ ನಡೆಸಿದ ಜೆಇಇ ಅಡ್ವಾನ್ಸ್ಡ್ ಮೊದಲ ಬಾರಿಗೆ ಪೂರ್ತಿ ಕಂಪ್ಯೂಟರಿನಲ್ಲಿ ನಡೆಯಿತು. ಉತ್ತರವನ್ನು ದಶಮಾಂಶದ ಎರಡನೇ ಸ್ಥಾನಕ್ಕೆ ಕತ್ತರಿಸಿ ಅಥವಾ ರೌಂಡ್ ಆಫ್ ಮಾಡಿ ಬರೆಯಿರಿ ಎಂಬ ಸೂಚನೆಯಿತ್ತು, ಉದಾಹರಣೆಗಳಲ್ಲಿ 7.00 ಎಂಬುದೂ ಇತ್ತು. ಕೆಲವರು ಅಕ್ಷರಶಃ 7.00 ಎಂದೇ ಒತ್ತಿದರು, ಕೆಲವರು ಬರೀ 7 ಒತ್ತಿದರು. ಬೆಲೆ ಒಂದೇ ಆದ್ದರಿಂದ ಎರಡೂ ಸರಿ ಎಂದಿತು ಐಐಟಿ. ಸೂಚನೆ ಪಾಲಿಸಿದವರಿಗೂ ಪಾಲಿಸದವರಿಗೂ ಒಂದೇ ಅಂಕವೇ ಎಂಬ ತಕರಾರು ಮದ್ರಾಸ್ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಒಂದೊಂದು ಅಂಕಕ್ಕೂ ರ‍್ಯಾಂಕ್ ಜಾರುವ ಪರೀಕ್ಷೆಯಲ್ಲಿ ಆ ವಿದ್ಯಾರ್ಥಿಗಳ ಸಂಕಟವನ್ನು ತಳ್ಳಿಹಾಕುವಂತಿಲ್ಲ. ಸೂಚನೆಯ ವಾಕ್ಯ ಇನ್ನಷ್ಟು ಬಿಗಿಯಾಗಿರಬೇಕಿತ್ತು.

ಎಂಜಿನಿಯರಿಂಗ್ ಪದವೀಧರರ ಗೇಟ್ ಪರೀಕ್ಷೆ ಈ ತೊಡಕನ್ನು ಬೇರೆ ರೀತಿ ಬಿಡಿಸಿಕೊಂಡಿದೆ. ಅಲ್ಲಿ ಪರದೆಯ ಮೇಲೆಯೇ ಕ್ಯಾಲ್ಕುಲೇಟರ್ ಇದೆ, ಸಂಖ್ಯಾತ್ಮಕ ಪ್ರಶ್ನೆಗಳಿಗೆ ನೆಗೆಟಿವ್ ಅಂಕವಿಲ್ಲ. ದಶಮಾಂಶದ ಉತ್ತರಗಳಿಗೆ ಕೀ ಉತ್ತರದಲ್ಲಿ ಒಂದೇ ಸಂಖ್ಯೆಯ ಬದಲು, 0.68ರಿಂದ 0.72ರವರೆಗೆ ಎಂಬಂತೆ ಒಂದು ವ್ಯಾಪ್ತಿ ಕೊಡುತ್ತಾರೆ. ಜೆಇಇ ಮೇನ್ ಸಮೀಪದ ಪೂರ್ಣಾಂಕದ ದಾರಿ ಹಿಡಿಯಿತು. ಹಾಗಾಗಿ ಅಲ್ಲಿ 133 ಎಂದರೆ 133 ಮಾತ್ರ.

ಜೆಇಇ ಪರೀಕ್ಷೆ ಮುಗಿದ ಮೇಲೆ ವಿದ್ಯಾರ್ಥಿ ಒತ್ತಿದ ಉತ್ತರಗಳ ಪಟ್ಟಿಯೂ ತಾತ್ಕಾಲಿಕ ಕೀ ಉತ್ತರವೂ ಎನ್‌ಟಿಎ ಜಾಲತಾಣದಲ್ಲಿ ಸಿಗುತ್ತವೆ. ಅವೆರಡನ್ನೂ ಪಕ್ಕಪಕ್ಕ ಇಟ್ಟರೆ ತಪ್ಪಿನ ಜಾತಿ ಗೊತ್ತಾಗುತ್ತದೆ. 133 ಇರಬೇಕಾದಲ್ಲಿ 135 ಇದ್ದರೆ ಅದು ನಡುವೆ ರೌಂಡ್ ಆಫ್ ಮಾಡಿದ್ದರ ಫಲ. 58 ಇದ್ದರೆ 2.303ರಿಂದ ಗುಣಿಸುವುದು ಮರೆತಿದೆ. ಈ ಎರಡನೆಯದನ್ನು ಪರೀಕ್ಷೆಯ ಕೋಣೆಯಲ್ಲೇ ಹಿಡಿಯಬಹುದಿತ್ತು: ಉತ್ತರ 120 ಮತ್ತು 160ರ ನಡುವೆ ಬರಬೇಕೆಂಬ ಹಳೆಯ ಎಲಿಮಿನೇಷನ್ ಲೆಕ್ಕಕ್ಕೆ 58 ಹೊಂದುವುದೇ ಇಲ್ಲ. 135 ಮಾತ್ರ ಆ ಜರಡಿಯಲ್ಲೂ ಸಿಗದೆ ಪಾರಾಗುತ್ತದೆ.