ಬೂದು ಗೋಡೆಯೊಳಗಿನ ನೀಲಿ

ತಿಳಿಬೂದು ಎಂದು ಶೇಡ್ ಕಾರ್ಡ್ ನೋಡಿ ಆರಿಸಿದ ಬಣ್ಣ ಗೋಡೆಗೆ ಬಂದ ಮೇಲೆ ನೀಲಿಯಾಗಿಯೋ ನಸುನೇರಳೆಯಾಗಿಯೋ ಕಾಣುವುದುಂಟು. ಅಂಗಡಿಯವರು ಡಬ್ಬಿ ಬದಲಾಯಿಸಿದ್ದಾರೆಂಬ ಗುಮಾನಿ ಹೆಚ್ಚಿನ ಸಲ ಸುಳ್ಳು. ಅಂಗಡಿಯ ಯಂತ್ರ ಬಿಳಿ ಬೇಸ್‌ಗೆ ಕಪ್ಪು, ಹಳದಿ, ಕೆಂಪು, ನೀಲಿ ದ್ರವಗಳನ್ನು ಹನಿ ಲೆಕ್ಕದಲ್ಲಿ ಬೆರೆಸಿ ಆ ಬೂದನ್ನು ತಯಾರಿಸುತ್ತದೆ. ಬರೀ ಕಪ್ಪು ಬೆರೆತ ಬೂದು ಸಾಮಾನ್ಯವಾಗಿ ನೀಲಿಯತ್ತ ವಾಲುತ್ತದೆ. ಅದಕ್ಕೆ ಹಳದಿ ಸೇರಿದರೆ ಹಸಿರು ಇಣುಕುತ್ತದೆ, ಕೆಂಪು ಸೇರಿದರೆ ನೇರಳೆ. ಮೇಲ್ನೋಟದ ಬಣ್ಣದ ಹಿಂದಿರುವ ಈ ಒಳಛಾಯೆಗೇ ಪೇಂಟ್ ವ್ಯವಹಾರದಲ್ಲಿ ಅಂಡರ್‌ಟೋನ್ ಎನ್ನುವುದು.

ಬೆರಳಗಲದ ಚೀಟಿಯಲ್ಲಿ ಅದು ಸುಲಭಕ್ಕೆ ಸಿಗದು. ಚೀಟಿಯನ್ನು ಅಚ್ಚ ಬಿಳಿ ಹಾಳೆಯ ಮೇಲಿಟ್ಟು, ಪಕ್ಕದಲ್ಲಿ ಬೇರೆ ಎರಡು ಬೂದುಗಳನ್ನು ಇಟ್ಟರೆ ಯಾವುದು ಎತ್ತ ವಾಲಿದೆ ಎಂಬುದು ಹೊರಬೀಳುತ್ತದೆ. ಒಂದೇ ಪಟ್ಟಿಯ ಅತಿ ಗಾಢ ಛಾಯೆಯನ್ನು ನೋಡುವುದು ಇನ್ನೊಂದು ಉಪಾಯ. ತಿಳಿಯಾದದ್ದರಲ್ಲಿ ಅಡಗಿದ್ದು ಅಲ್ಲಿ ಬಹುಮಟ್ಟಿಗೆ ಬಯಲಾಗಿರುತ್ತದೆ.

ಆಮೇಲೆ ಮಾದರಿ. ಹಳೆಯ ಗೋಡೆಯ ಮೇಲೇ ಒಂದು ಪಟ್ಟೆ ಎಳೆದು ನೋಡುವ ಪೇಂಟರ್‌ಗಳ ರೂಢಿ ಮೋಸ ಮಾಡುತ್ತದೆ, ಏಕೆಂದರೆ ಹಳದಿ ಗೋಡೆಯ ನಡುವೆ ಯಾವ ಬೂದೂ ಇರುವುದಕ್ಕಿಂತ ನೀಲಿಯಾಗಿ ಕಾಣುತ್ತದೆ. ಎರಡು ಅಡಿ ಉದ್ದಗಲದ ದಪ್ಪ ರಟ್ಟಿಗೆ ಬಿಳಿ ಪ್ರೈಮರ್ ಹಚ್ಚಿ, ಸುತ್ತ ಎರಡು ಇಂಚು ಬಿಳಿ ಅಂಚು ಬಿಟ್ಟು, ರೋಲರ್‌ನಿಂದ ಎರಡು ಕೋಟ್ ಬಳಿಯುವುದು ಮೇಲು. ಎಮಲ್ಷನ್ ಒಣಗುತ್ತ ಸಾಮಾನ್ಯವಾಗಿ ಗಾಢವಾಗುವುದರಿಂದ ಒಂದು ರಾತ್ರಿ ಕಾಯಬೇಕು.

ಉತ್ತರಕ್ಕೆ ಕಿಟಕಿ, ಕೆಳಗೆ ರೆಡ್ ಆಕ್ಸೈಡ್ ನೆಲ ಇರುವ ಹಳೆ ಮನೆಯ ಹಜಾರವೊಂದನ್ನು ಊಹಿಸಬಹುದು. ಬೆಳಿಗ್ಗೆ ಎಂಟಕ್ಕೆ ಕಿಟಕಿಯಿಂದ ಬರುವುದು ಬಹುಪಾಲು ಆಕಾಶದ ಬೆಳಕು, ಹಾಗಾಗಿ ರಟ್ಟಿನ ಬೂದು ತಣ್ಣಗೆ, ನೀಲಿಯಾಗಿ ಕಾಣುತ್ತದೆ. ಅದೇ ರಟ್ಟನ್ನು ಮಧ್ಯಾಹ್ನ ಗೋಡೆಯ ಬುಡಕ್ಕೆ ಒರಗಿಸಿದರೆ ನೆಲದ ಕೆಂಪು ಅದರ ಮೇಲೆ ಹೊರಳಿ, ಕೆಳಭಾಗ ನಸುಗೆಂಪಾಗುತ್ತದೆ. ಮೇಲಕ್ಕೆ ಎತ್ತಿ ಹಿಡಿದರೆ ಆ ಕೆಂಪು ತಗ್ಗುತ್ತದೆ. ಸಂಜೆ ಐದರ ಸುಮಾರಿಗೆ ಎದುರು ಮನೆಯ ಗೋಡೆಗೆ ಬಿದ್ದ ಬಿಸಿಲು ಒಳಗೆ ಮರಳಿ ಬಂದರೆ ಬೂದಿನಲ್ಲಿ ಹಳದಿ ಮೂಡಬಹುದು. ರಾತ್ರಿಯದು ಬಲ್ಬಿನ ಲೆಕ್ಕ: 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ನೀಲಿ ಒಳಛಾಯೆಯನ್ನು ಎತ್ತಿ ತೋರಿಸಿದರೆ, 3000 ಕೆಲ್ವಿನ್‌ನ ಹಳದಿ ಬೆಳಕು ಅದನ್ನು ಮರೆಮಾಡಿ, ಹಸಿರು ವಾಲಿಕೆಯ ಬೂದನ್ನು ಮಾತ್ರ ಮಂಕು ಖಾಕಿಯಂತೆ ಮಾಡುತ್ತದೆ.

ರಟ್ಟನ್ನು ಕಿಟಕಿಯ ಎದುರು ಗೋಡೆಗೂ ಕಿಟಕಿಯಿರುವ ಗೋಡೆಗೂ ಹಿಡಿದು ನೋಡಬೇಕು, ಎರಡನೆಯದು ಸದಾ ನೆರಳಲ್ಲೇ ಇರುತ್ತದೆ. ಮನೆಮಂದಿ ಹಜಾರದಲ್ಲಿ ಹೆಚ್ಚು ಕೂರುವುದು ರಾತ್ರಿಯಾದರೆ ರಾತ್ರಿ ಒಪ್ಪಿದ ಬಣ್ಣಕ್ಕೇ ಮಣೆ. ಬಲ್ಬ್ ಬದಲಿಸುವ ಆಲೋಚನೆ ಇದ್ದರೆ ಹೊಸ ಬಲ್ಬ್ ಹಾಕಿದ ಮೇಲೆಯೇ ರಟ್ಟನ್ನು ನೋಡಬೇಕು. ಮೋಡ ಕವಿದ ಮಳೆಗಾಲದ ದಿನವೊಂದರಲ್ಲಿ ಮಾತ್ರ ನೋಡಿ ತೀರ್ಮಾನಿಸಿದರೆ ಬೇಸಿಗೆಯ ಬಿಸಿಲಿಗೆ ಅದೇ ಗೋಡೆ ಬೇರೆಯಾಗಿ ಕಾಣುತ್ತದೆ.