‘ಯಾವಾಗ ಬರುತ್ತೆ ಸಾರ್?’

2025ರ ಸೆಪ್ಟೆಂಬರ್ 3ರಂದು ದೆಹಲಿಯಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿ 12 ಮತ್ತು 28 ಶೇಕಡಾದ ಹಂತಗಳನ್ನು ಬಹುಮಟ್ಟಿಗೆ ತೆಗೆದುಹಾಕಿತು. ಹೊಸ ದರ ಅದೇ ತಿಂಗಳ 22ರಿಂದ ಜಾರಿ ಎಂದಿತು. ಹೆಚ್ಚಿನ ಔಷಧಿಗಳ ತೆರಿಗೆ 12ರಿಂದ 5ಕ್ಕೆ ಇಳಿಯಿತು, ಕೆಲವು ಜೀವರಕ್ಷಕ ಔಷಧಿಗಳಿಗೆ ತೆರಿಗೆಯೇ ಇಲ್ಲವಾಯಿತು. ಔಷಧಿ ಕೊಳ್ಳುವವರಿಗೆ ಒಳ್ಳೆಯ ಸುದ್ದಿ. ಮೆಡಿಕಲ್ ಸ್ಟೋರುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರಿಗೆ ಮಾತ್ರ ಮೂರು ವಾರಕ್ಕಿಂತ ಕಡಿಮೆ ಸಮಯದಲ್ಲಿ ರಾಶಿ ಕೆಲಸ. ಸಾವಿರಾರು ಔಷಧಿಗಳ ದರ ಬದಲಾಗಬೇಕು. ಹಳೆಯ ಎಂಆರ್‌ಪಿ ಅಚ್ಚಾಗಿರುವ ಸ್ಟ್ರಿಪ್ಪುಗಳು ಕಪಾಟಿನಲ್ಲಿರುವಾಗಲೇ ಹೊಸ ಬೆಲೆಗೆ ಬಿಲ್ಲಾಗಬೇಕು. 21ರ ರಾತ್ರಿ ಮಾರಿದ ಮಾತ್ರೆ 23ಕ್ಕೆ ವಾಪಸ್ ಬಂದರೆ ಲೆಕ್ಕ ಹಳೆಯ ದರದಲ್ಲೇ ಹಿಂದಿರುಗಬೇಕು.

ಹುಬ್ಬಳ್ಳಿಯಲ್ಲಿ ಎಂಟು ಜನರಿರುವ ಅಂಥದ್ದೊಂದು ಕಂಪನಿ ಇದೆ ಎಂದುಕೊಳ್ಳೋಣ. ಆಗಸ್ಟಿನಲ್ಲಿ ಅದರ ಮಾರಾಟದ ಹುಡುಗ ಅಂಗಡಿ ಅಂಗಡಿಗೆ ಹೋಗಿ, ‘ವಾಟ್ಸಾಪ್‌ನಲ್ಲಿ ಬಿಲ್ ಕಳಿಸೋದು ಸೆಪ್ಟೆಂಬರ್ ಕೊನೆಗೆ ಬಂದೇ ಬರುತ್ತೆ ಸಾರ್, ಕನ್ನಡದಲ್ಲಿ ಬಿಲ್ ದೀಪಾವಳಿಗೆ’ ಎಂದು ಹೇಳಿ ಬಂದಿದ್ದಾನೆ. ಅವನು ಸುಳ್ಳು ಹೇಳಿರಲಿಲ್ಲ. ಆಫೀಸಿನ ಗೋಡೆಯ ಚಾರ್ಟಿನಲ್ಲಿ ಹಾಗೇ ಬರೆದಿತ್ತು. ಸೆಪ್ಟೆಂಬರ್ 3ರ ಸಂಜೆ ಆ ಚಾರ್ಟಿಗೆ ಬೆಲೆಯಿಲ್ಲದಂತಾಯಿತು. ಅಕ್ಟೋಬರಿನಲ್ಲಿ ಅಂಗಡಿಯಾತ ಫೋನ್ ಮಾಡಿದ: ‘ಏನಪ್ಪಾ, ಸೆಪ್ಟೆಂಬರ್ ಅಂದಿದ್ದೆಯಲ್ಲ?’ ದರ ಬದಲಾವಣೆಯಂಥ ದೊಡ್ಡ ಕೆಲಸವನ್ನು ಕಂಪನಿ ಸಮಯಕ್ಕೆ ಸರಿಯಾಗಿ ಮಾಡಿಕೊಟ್ಟದ್ದು ಅವನ ಲೆಕ್ಕಕ್ಕೇ ಬರಲಿಲ್ಲ. ತಪ್ಪಿದ ತಾರೀಖು ಒಂದೇ ನೆನಪಿನಲ್ಲಿ ಉಳಿಯಿತು.

ಈ ತೊಂದರೆಗೆ ಸಾಫ್ಟ್‌ವೇರ್ ಲೋಕದಲ್ಲಿ ಈಗ ಬಳಕೆಯಲ್ಲಿರುವ ಒಂದು ಪರಿಹಾರ, ಮೂರು ಕಾಲಮ್ಮಿನ ಯೋಜನಾಪಟ್ಟಿ: ‘ಈಗ’, ‘ಮುಂದಿನ ಸರದಿ’, ‘ಆಮೇಲೆ’. ಸುಮಾರು 2012ರಲ್ಲಿ ಇದನ್ನು ರೂಪಿಸಿ ಚಾಲ್ತಿಗೆ ತಂದವರು ಬ್ರಿಟನ್ನಿನ ಪ್ರಾಡ್‌ಪ್ಯಾಡ್ ಕಂಪನಿಯ ಸಹಸಂಸ್ಥಾಪಕಿ ಜ್ಯಾನಾ ಬಾಸ್ಟೋ. ಅವರ ಕಂಪನಿ ಮಾಡುವುದೇ ಇಂಥ ಯೋಜನೆಗಳನ್ನು ಬರೆದಿಡುವ ಸಾಫ್ಟ್‌ವೇರ್. ಮೊದಲು ಅದರಲ್ಲೂ ತಿಂಗಳುಗಳ ಗೆರೆ ಎಳೆದು, ಒಂದೊಂದು ಕೆಲಸಕ್ಕೆ ಒಂದೊಂದು ಪಟ್ಟಿ ಹಾಕುವ ವ್ಯವಸ್ಥೆಯಿತ್ತು. ಬಳಸುವವರು ಕೇಳಿದ್ದೇನು ಗೊತ್ತೇ? ಎಲ್ಲ ಪಟ್ಟಿಗಳನ್ನೂ ಒಟ್ಟಿಗೆ ಆಯ್ದು ಮುಂದಕ್ಕೆ ತಳ್ಳುವ ಸೌಲಭ್ಯ! ಎಲ್ಲರೂ ಎಲ್ಲವನ್ನೂ ಮುಂದೂಡುತ್ತಲೇ ಇದ್ದಾರೆ ಎಂದಾದ ಮೇಲೆ ತಾರೀಖಿನ ಗೆರೆಯನ್ನೇ ಬಿಡುವುದು ವಾಸಿ ಎಂದು ಬಾಸ್ಟೋ ತಂಡಕ್ಕೆ ಅನ್ನಿಸಿತು.

ತಾರೀಖು ಅಳಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನಾನು ನೋಡಿದ ಇಂಥ ಪಟ್ಟಿಗಳಲ್ಲಿ ಹೆಚ್ಚಿನವು ಎಡವುವುದು ಒಂದೇ ಕಡೆ: ಮೂರು ಕಾಲಮ್ಮಿನಲ್ಲೂ ಒಂದೇ ಧಾಟಿಯ ವಾಕ್ಯ. ‘ವಾಟ್ಸಾಪ್ ಬಿಲ್’, ‘ಕನ್ನಡ ಬಿಲ್’, ‘ಮೊಬೈಲ್ ಆ್ಯಪ್’ ಎಂದು ಸರಕಿನ ಹೆಸರುಗಳನ್ನು ಸಾಲಾಗಿ ಬರೆದುಬಿಡುತ್ತಾರೆ. ಓದುವವನಿಗೆ ಮೂರೂ ಸಿಕ್ಕೇ ಸಿಗುವ ಸರಕಿನಂತೆ ಕಾಣುತ್ತವೆ, ಒಂದು ಬೇಗ, ಒಂದು ತಡ, ಅಷ್ಟೇ. ‘ಮುಂದಿನ ಸರದಿ’ ಎಂದರೆ ಮೂರು ತಿಂಗಳು, ‘ಆಮೇಲೆ’ ಎಂದರೆ ಆರು ತಿಂಗಳು ಎಂದು ಅವನೇ ಲೆಕ್ಕ ಹಾಕಿಕೊಳ್ಳುತ್ತಾನೆ. ನಿಜಕ್ಕೂ ಆ ಮೂರು ಕಾಲಮ್ಮುಗಳ ವ್ಯತ್ಯಾಸ ಬೇಗ ತಡದ್ದಲ್ಲ. ಕಂಪನಿಗೆ ಯಾವ ವಿಷಯ ಎಷ್ಟು ಖಚಿತವಾಗಿ ಗೊತ್ತಿದೆ ಎನ್ನುವುದು. ಅದು ವಾಕ್ಯದಲ್ಲೇ ಕಾಣಬೇಕು.

ಹುಬ್ಬಳ್ಳಿಯ ಕಂಪನಿಯ ಪಟ್ಟಿಯನ್ನೇ ತಿದ್ದಿ ನೋಡೋಣ. ‘ಈಗ’ ಕಾಲಮ್ಮಿಗೆ ಹೋಗಬೇಕಾದದ್ದು ನಿಜವಾಗಿ ಕೆಲಸ ನಡೆಯುತ್ತಿರುವುದು ಮಾತ್ರ. ಎಂಟು ಜನರ ಕಂಪನಿಯಲ್ಲಿ ಅಂಥವು ಎರಡೋ ಮೂರೋ ಇರಬಹುದು. ಹತ್ತು ಇದ್ದರೆ ಅದು ಆಸೆಯ ಪಟ್ಟಿ. ಇಲ್ಲಿ ವಾಕ್ಯ ಹೀಗಿರಲಿ: ‘ಬಿಲ್ಲನ್ನು ಗ್ರಾಹಕರ ವಾಟ್ಸಾಪ್ ನಂಬರಿಗೆ ಕಳಿಸುವ ವ್ಯವಸ್ಥೆಯನ್ನು ಕಟ್ಟುತ್ತಿದ್ದೇವೆ. ಕೆಲವು ಅಂಗಡಿಗಳಲ್ಲಿ ಪರೀಕ್ಷೆ ನಡೆಯುತ್ತಿದೆ. ಮೊದಲ ಆವೃತ್ತಿಯಲ್ಲಿ ಬಿಲ್ ಮಾತ್ರ ಹೋಗುತ್ತದೆ, ಸಾಲದ ಬಾಕಿ ನೆನಪಿಸುವ ಮೆಸೇಜ್ ಇರುವುದಿಲ್ಲ.’ ಇದರಲ್ಲಿ ಕೆಲಸಕ್ಕೆ ಬರುವ ಮಾತು ಕೊನೆಯದು. ಏನು ಇರುವುದಿಲ್ಲ ಎಂದು ಮೊದಲೇ ಹೇಳಿದರೆ, ಬಂದ ದಿನ ‘ಇಷ್ಟೇನಾ?’ ಎಂಬ ಮಾತು ಕೇಳಬೇಕಾಗಿಲ್ಲ.

‘ಮುಂದಿನ ಸರದಿ’ಯಲ್ಲಿ ಸರಕಿನ ಬದಲು ತೊಂದರೆಯ ಹೆಸರು ಬರೆಯಬೇಕು. ‘ಎಕ್ಸ್‌ಪೈರಿ ಅಲರ್ಟ್’ ಎಂದು ಬರೆದರೆ ಪರದೆಯ ಮೇಲೆ ಕೆಂಪು ಗುರುತು ಬರುತ್ತದೆ ಎಂದು ಒಬ್ಬ, ಎಸ್ಸೆಮ್ಮೆಸ್ ಬರುತ್ತದೆ ಎಂದು ಇನ್ನೊಬ್ಬ ತಿಳಿಯುತ್ತಾನೆ. ಕಂಪನಿಗೇ ಇನ್ನೂ ಗೊತ್ತಿಲ್ಲ. ಅದಕ್ಕೆ ಹೀಗೆ ಬರೆಯುವುದು ಮೇಲು: ‘ಅವಧಿ ಮುಗಿಯುವ ಔಷಧಿಗಳು ಸಗಟು ವ್ಯಾಪಾರಿಗೆ ವಾಪಸ್ ಮಾಡುವ ಗಡುವು ದಾಟಿದ ಮೇಲೆ ಕಣ್ಣಿಗೆ ಬೀಳುತ್ತಿವೆ ಎಂದು ಹಲವರು ಹೇಳಿದ್ದೀರಿ. ವಾಟ್ಸಾಪ್ ಕೆಲಸ ಮುಗಿದ ಮೇಲೆ ಇದನ್ನು ಕೈಗೆತ್ತಿಕೊಳ್ಳಬೇಕೆಂದಿದ್ದೇವೆ. ಪರಿಹಾರ ಯಾವ ರೂಪದಲ್ಲಿರಬೇಕೆಂದು ಇನ್ನೂ ತೀರ್ಮಾನಿಸಿಲ್ಲ.’ ಇಲ್ಲಿ ಕ್ರಮ ಹೇಳಿದೆ, ಕಾಲ ಹೇಳಿಲ್ಲ. ಬ್ಯಾಚ್ ನಂಬರಿನ ಪ್ರಕಾರ ಸ್ಟಾಕ್ ಬೇರೆ ಮಾಡಿ ತೋರಿಸಿದರೆ ಸಾಕು ಎಂದು ನಾಳೆ ಗೊತ್ತಾದರೂ ಯಾರಿಗೂ ಮಾತು ತಪ್ಪಿದಂತಾಗುವುದಿಲ್ಲ.

‘ಆಮೇಲೆ’ ಎಂಬುದು ಪ್ರಶ್ನೆಯ ಜಾಗ. ‘ಕನ್ನಡದಲ್ಲಿ ಬಿಲ್ ಬೇಕೆಂಬ ಬೇಡಿಕೆ ಇದೆ. ಔಷಧಿಗಳ ಹೆಸರನ್ನೂ ಕನ್ನಡದಲ್ಲಿ ಅಚ್ಚು ಮಾಡಬೇಕೋ, ಅಥವಾ ಉಳಿದ ಭಾಗ ಮಾತ್ರ ಸಾಕೋ ಎಂದು ತಿಳಿಯಬೇಕಿದೆ. ನಿಮ್ಮಲ್ಲಿ ಯಾವ ಪ್ರಿಂಟರ್ ಇದೆ ಎಂದು ತಿಳಿಸಿ.’ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕನ್ನಡವನ್ನು ಚಿತ್ರವಾಗಿ ಕಳಿಸಿ ಅಚ್ಚು ಹಾಕಿಸಬೇಕಾಗುತ್ತದೆ, ಬಿಲ್ ನಿಧಾನವಾಗುತ್ತದೆ, ಕೌಂಟರಿನ ಮುಂದೆ ಜನ ನಿಂತಿರುತ್ತಾರೆ. ಹಾಗಾಗಿ ಆ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಉತ್ತರ ಬಂದರೆ ಅದು ಸರದಿಗೆ ಬರಬಹುದು, ಬರದೆಯೂ ಇರಬಹುದು. ಈ ಕಾಲಮ್ಮಿನ ತಲೆಯ ಮೇಲೆ ‘ಇವುಗಳಲ್ಲಿ ಕೆಲವನ್ನು ನಾವು ಮಾಡದೆಯೂ ಇರಬಹುದು’ ಎಂದು ಬರೆದಿರಲೇಬೇಕು. ಆ ಸಾಲು ಬರೆಯಲು ಕಂಪನಿಗಳು ಯಾಕೋ ಬಹಳ ಹಿಂಜರಿಯುತ್ತವೆ.

ಪುಟದಲ್ಲಿ ಒಂದು ತಾರೀಖು ಮಾತ್ರ ಇರಲೇಬೇಕು: ಕೊನೆಯ ಬಾರಿ ತಿದ್ದಿದ ದಿನ. ಅದಿಲ್ಲದಿದ್ದರೆ ‘ಈಗ’ ಎಂದರೆ ಯಾವ ಈಗ? ಹೋದ ವರ್ಷದ ‘ಈಗ’ವೂ ಹಾಗೇ ಕಾಣುತ್ತದೆ. ತಿಂಗಳಿಗೊಮ್ಮೆ ತಿದ್ದದ ಪಟ್ಟಿಯನ್ನು ತೆಗೆದುಹಾಕುವುದೇ ಒಳ್ಳೆಯದು. ಒಂದು ಕೆಲಸ ಹಿಂದಕ್ಕೆ ಸರಿದಾಗ ಸದ್ದಿಲ್ಲದೆ ಕಾಲಮ್ ಬದಲಿಸುವುದು ಇನ್ನೂ ಕೆಟ್ಟದ್ದು. ಸೆಪ್ಟೆಂಬರಿನಲ್ಲಿ ಆ ಕಂಪನಿ ಮಾಡಬಹುದಾಗಿದ್ದದ್ದು ಇಷ್ಟೇ: ‘ಜಿಎಸ್‌ಟಿ ಹೊಸ ದರಗಳ ಕೆಲಸ ಮುಗಿಯುವವರೆಗೆ ವಾಟ್ಸಾಪ್ ಬಿಲ್ಲನ್ನು ಈಗ ಕಾಲಮ್ಮಿನಿಂದ ಮುಂದಿನ ಸರದಿಗೆ ಸರಿಸಿದ್ದೇವೆ.’ ಆ ವಾರ ಯಾವ ಅಂಗಡಿಯಾತನೂ ಇದಕ್ಕೆ ಸಿಟ್ಟಾಗುತ್ತಿರಲಿಲ್ಲ. ಅವನಿಗೂ ಬೇಕಾಗಿದ್ದದ್ದು 22ರ ಬೆಳಗ್ಗೆ ಸರಿಯಾದ ಬಿಲ್.

ಅಂದರೆ ತಾರೀಖು ಹೇಳಲೇಬೇಕಾದ ಕೆಲಸಗಳೂ ಇವೆ. ಕಾನೂನು ಕೊಟ್ಟ ಗಡುವನ್ನು ‘ಮುಂದಿನ ಸರದಿ’ಯಲ್ಲಿ ಮುಚ್ಚಿಡುವುದು ಜಾಣತನವಲ್ಲ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಅಂಥ ವ್ಯಾಪಾರಿಗೆ ‘ಮಾಡಬೇಕೆಂದಿದ್ದೇವೆ’ ಎಂದರೆ ಅವನು ಬೇರೆ ಸಾಫ್ಟ್‌ವೇರ್ ಹುಡುಕುತ್ತಾನೆ, ಹುಡುಕಬೇಕು ಕೂಡ. ಇಂಥವನ್ನು ಮೂರು ಕಾಲಮ್ಮಿನ ಹೊರಗೆ, ‘ಗಡುವಿರುವ ಕೆಲಸಗಳು’ ಎಂಬ ಬೇರೆ ತಲೆಬರಹದ ಕೆಳಗೆ, ದಿನಾಂಕದ ಸಮೇತ ಹಾಕಬೇಕು. ಆಸ್ಪತ್ರೆಯೊಂದು ಟೆಂಡರಿನಲ್ಲಿ ಇಂಥದ್ದು ಇಂಥ ದಿನಕ್ಕೆ ಬೇಕು ಎಂದರೂ ಅಷ್ಟೆ. ಅದು ಒಪ್ಪಂದದ ಕಾಗದದಲ್ಲಿ ಸಹಿ ಸಮೇತ ಇರಬೇಕಾದ ಮಾತು. ಎಲ್ಲರಿಗೂ ತೋರಿಸುವ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ದೊಡ್ಡ ಕಂಪನಿಗಳು ತಾರೀಖಿಗೆ ಹೆದರುವುದಕ್ಕೆ ಹೊರಗಿನವರಿಗೆ ಕಾಣದ ಇನ್ನೊಂದು ಕಾರಣವಿದೆ, ಲೆಕ್ಕಪತ್ರದ್ದು. ಆದಾಯವನ್ನು ಯಾವಾಗ ಆದಾಯವೆಂದು ತೋರಿಸಬೇಕು ಎಂಬುದಕ್ಕೆ ನಮ್ಮಲ್ಲಿ 2018ರ ಏಪ್ರಿಲ್‌ನಿಂದ ಇಂಡ್ ಎಎಸ್ 115 ಎಂಬ ನಿಯಮ ಜಾರಿಯಲ್ಲಿದೆ. ಲಿಸ್ಟೆಡ್ ಕಂಪನಿಗಳಿಗೂ ಇತರ ದೊಡ್ಡ ಕಂಪನಿಗಳಿಗೂ ಅದು ಅನ್ವಯಿಸುತ್ತದೆ. ಇವತ್ತು ಲೈಸೆನ್ಸ್ ಮಾರುವಾಗ ‘ಮುಂದೆ ಇಂಥ ನಿರ್ದಿಷ್ಟ ಸೌಲಭ್ಯ ಕೊಡುತ್ತೇವೆ’ ಎಂಬ ಭರವಸೆ ಸೇರಿಕೊಂಡರೆ, ಅದನ್ನು ಬೇರೆಯೇ ಸರಕೆಂದು ಪರಿಗಣಿಸಬೇಕಾಗಬಹುದು. ಆಗ ಬಂದ ಹಣದಲ್ಲಿ ಅದರ ಪಾಲನ್ನು, ಸೌಲಭ್ಯ ಕೊಡುವವರೆಗೆ ಆದಾಯವೆಂದು ತೋರಿಸುವಂತಿಲ್ಲ. ಬರೆದುಕೊಟ್ಟ ಮಾತೇ ಆಗಬೇಕೆಂದಿಲ್ಲ, ಗ್ರಾಹಕರಲ್ಲಿ ನ್ಯಾಯವಾದ ನಿರೀಕ್ಷೆ ಹುಟ್ಟಿಸಿದರೂ ಸಾಕು. ಸೇಲ್ಸ್‌ಫೋರ್ಸ್‌ನಂಥ ಕಂಪನಿಗಳು ತಮ್ಮ ಸಭೆಗಳಲ್ಲಿ ಹೊಸ ಯೋಜನೆ ತೋರಿಸುವ ಮೊದಲು, ಇವತ್ತು ಲಭ್ಯವಿರುವುದನ್ನು ನೋಡಿಯೇ ಕೊಳ್ಳುವ ತೀರ್ಮಾನ ಮಾಡಿ ಎಂಬ ಸ್ಲೈಡ್ ಹಾಕುವುದರ ಹಿಂದೆ ಇಂಥ ಎಚ್ಚರಗಳಿವೆ. ಅಮೆರಿಕದಲ್ಲಿ ಷೇರುದಾರರ ಮೊಕದ್ದಮೆಯ ಭಯವೂ ಸೇರುತ್ತದೆ. ಹುಬ್ಬಳ್ಳಿಯ ಎಂಟು ಜನರಿಗೆ ಈ ನಿಯಮ ತಗಲುವುದಿಲ್ಲ. ಆದರೆ ಆ ಸ್ಲೈಡಿನ ಮಾತು ಅವರ ಪಟ್ಟಿಯ ಅಡಿಯಲ್ಲೂ ಇರಬಹುದು, ವಕೀಲರ ಭಾಷೆಯ ಬದಲು ಸರಳವಾಗಿ: ‘ಇವತ್ತು ಇರುವುದು ನಿಮಗೆ ಸಾಕಾದರೆ ಮಾತ್ರ ಕೊಳ್ಳಿ.’

ಇಷ್ಟೆಲ್ಲ ಬರೆದರೂ ಪಟ್ಟಿ ಸೋರುವುದು ಬಾಯಿಂದ. ತಿಂಗಳ ಟಾರ್ಗೆಟ್ ಮುಟ್ಟಬೇಕಾದ ಹುಡುಗ ಅಂಗಡಿಯ ಮುಂದೆ ನಿಂತು, ‘ಬರೆಯೋದಿಲ್ಲ ಸಾರ್, ನಿಮಗೆ ಮಾತ್ರ ಹೇಳ್ತೀನಿ, ಡಿಸೆಂಬರ್’ ಎನ್ನುತ್ತಾನೆ. ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಸಹಾಯವಾಣಿಗೆ ಬರುವ ಕರೆಗಳಲ್ಲಿ ‘ನೀವು ಹೇಳಿದ್ರಲ್ಲ’ ಎಂದು ಶುರುವಾಗುವವನ್ನು ಗುರುತು ಹಾಕಿ, ಅವು ಯಾರ ಏರಿಯಾದಿಂದ ಬರುತ್ತಿವೆ ಎಂದು ನೋಡಿದರೆ ಸಾಕು. ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅವನ ಬಾಯಿಗೆ ಬೇರೆ ಮಾತು ಕೊಡಬೇಕು. ‘ಡಿಸೆಂಬರ್‌ಗೆ ಬರುತ್ತಾ?’ ಎಂದು ಕೇಳಿದರೆ: ‘ತಾರೀಖು ಹೇಳೋಕಾಗಲ್ಲ ಸಾರ್. ವಾಟ್ಸಾಪ್ ಕೆಲಸ ಮುಗಿದ ಮೇಲೆ ಅದೇ ಸರದಿ. ಶುರುವಾದ ದಿನ ನಾನೇ ಫೋನ್ ಮಾಡ್ತೀನಿ. ಅಂದ ಹಾಗೆ, ಡಿಸೆಂಬರ್‌ಗೇ ಯಾಕೆ ಬೇಕು?’ ಈ ಕೊನೆಯ ಪ್ರಶ್ನೆಯನ್ನು ಮರೆಯಬಾರದು. ಡಿಸೆಂಬರಿನ ಕೊನೆಗೆ ಎಕ್ಸ್‌ಪೈರಿ ಮಾಲೆಲ್ಲ ಒಟ್ಟು ಮಾಡಿ ಸಗಟು ವ್ಯಾಪಾರಿಗೆ ವಾಪಸ್ ಕಳಿಸಬೇಕು ಎಂಬ ಉತ್ತರ ಬಂದರೆ, ಈಗಿರುವ ಸ್ಟಾಕ್ ರಿಪೋರ್ಟನ್ನೇ ಎಕ್ಸೆಲ್‌ಗೆ ಇಳಿಸಿ, ಎಕ್ಸ್‌ಪೈರಿ ತಿಂಗಳ ಪ್ರಕಾರ ಜೋಡಿಸಿಕೊಳ್ಳುವುದು ಹೇಗೆ ಎಂದು ಹುಡುಗ ಅಲ್ಲೇ ನಿಂತು ತೋರಿಸಿಕೊಡಬಹುದು.